ರೋಲ್ ಮಾಡಿದರೂ ಪೆಟ್ಟು ಯಾಕೆ ಬೀಳುತ್ತೆ? ಐ-ಫ್ರೇಮ್ ಮತ್ತು ಪ್ಯಾರಿಯ ಲೆಕ್ಕ, ಹಂತ ಹಂತವಾಗಿ

ಶತ್ರು ಕತ್ತಿ ಎತ್ತಿದ. ನೀವು ರೋಲ್ ಬಟನ್ ಒತ್ತಿದಿರಿ. ನಿಮ್ಮ ಪಾತ್ರ ಚೆನ್ನಾಗಿಯೇ ಉರುಳಿತು. ಆದರೂ ಕತ್ತಿ ಬಂದು ಬೆನ್ನಿಗೆ ಬಿತ್ತು. "ನಾನು ಸರಿಯಾಗೇ ಒತ್ತಿದ್ದೆ, ಆಟವೇ ಸರಿ ಇಲ್ಲ" ಅಂತ ಅನಿಸುತ್ತೆ ಅಲ್ವಾ? ನನಗೂ ಎಷ್ಟೋ ದಿನ ಹಾಗೇ ಅನಿಸುತ್ತಿತ್ತು. ಆಮೇಲೆ ನಾನು ಸತ್ತ ಕ್ಷಣಗಳನ್ನು ರೆಕಾರ್ಡ್ ಮಾಡಿ ಒಂದೊಂದೇ ಫ್ರೇಮ್ ನೋಡಿದೆ. ಹತ್ತರಲ್ಲಿ ಏಳೆಂಟು ಸಲ ನಾನು ತಡ ಮಾಡಿರಲಿಲ್ಲ, ಆತುರಪಟ್ಟಿದ್ದೆ. ಬರುವ ಕತ್ತಿಯನ್ನು ಗುರಾಣಿಯಿಂದ ತಟ್ಟಿ ತಳ್ಳುವ ಪ್ಯಾರಿ ಕಲಿಯಲು ಹೋದಾಗ ಕಥೆ ಉಲ್ಟಾ ಆಯಿತು. ಅಲ್ಲಿ ಪ್ರತಿ ಸಲವೂ ತಡ.

ಒಂದೇ ಕೈ, ಒಂದೇ ಕಣ್ಣು, ಅದೇ ಶತ್ರು. ಒಂದರಲ್ಲಿ ಬೇಗ, ಇನ್ನೊಂದರಲ್ಲಿ ತಡ. ಯಾಕೆ ಹೀಗೆ ಅನ್ನುವುದು ಒಂದೇ ಒಂದು ಬೀಸಿನ ಲೆಕ್ಕ ಹಾಕಿದರೆ ಅರ್ಥವಾಗುತ್ತದೆ. ಆ ಲೆಕ್ಕವನ್ನೇ ಇಲ್ಲಿ ಮಾಡೋಣ. ಉದಾಹರಣೆಗೆ 2022ರ ಎಲ್ಡನ್ ರಿಂಗ್ ತೆಗೆದುಕೊಳ್ಳುತ್ತೇನೆ, ಯಾಕೆಂದರೆ ಹೆಚ್ಚಿನವರು ಆಡಿರುವುದು ಅದನ್ನೇ. ಡಾರ್ಕ್ ಸೋಲ್ಸ್ ಸಾಲಿನ ಆಟಗಳಿಗೂ ಇದೇ ಚೌಕಟ್ಟು ಹೊಂದುತ್ತದೆ. ಅಂಕಿಗಳು ಮಾತ್ರ ಬದಲಾಗುತ್ತವೆ.

## ಹಂತ 1: ಫ್ರೇಮ್‌ನಲ್ಲಿ ಯೋಚಿಸುವುದು

ಆಟ ಸೆಕೆಂಡಿಗೆ 60 ಚಿತ್ರ ತೋರಿಸಿದರೆ ಒಂದೊಂದು ಚಿತ್ರವೂ ಒಂದು ಫ್ರೇಮ್. ಒಂದು ಫ್ರೇಮ್ ಅಂದರೆ ಸುಮಾರು 16.7 ಮಿಲಿಸೆಕೆಂಡ್. 30 ಚಿತ್ರದ ಲೆಕ್ಕದಲ್ಲಿ ಅದು 33.3 ಮಿಲಿಸೆಕೆಂಡ್ ಆಗುತ್ತದೆ. ಇದನ್ನು ಮೊದಲೇ ಹೇಳಲು ಕಾರಣವಿದೆ. ಆಟಗಾರರು ಬರೆದಿಡುವ ಪಟ್ಟಿಗಳಲ್ಲಿ ಎರಡೂ ಲೆಕ್ಕ ಕಲಸಿಹೋಗಿರುತ್ತವೆ. ಎಲ್ಡನ್ ರಿಂಗ್‌ನ ಮಧ್ಯಮ ತೂಕದ ರೋಲ್‌ಗೆ ಒಬ್ಬರು 13 ಅಂತ ಬರೆದರೆ ಇನ್ನೊಬ್ಬರು 26 ಅಂತ ಬರೆದಿರುತ್ತಾರೆ. ಮೊದಲನೆಯದು 30ರ ಲೆಕ್ಕ, ಎರಡನೆಯದು 60ರ ಲೆಕ್ಕ. ಸಮಯ ಮಾತ್ರ ಒಂದೇ, ಸುಮಾರು 0.43 ಸೆಕೆಂಡ್. ಈ ಲೇಖನದಲ್ಲಿ ಎಲ್ಲವೂ 60ರ ಲೆಕ್ಕ.

ಆಟದ ಒಳಗೆ ಎರಡು ಕಾಣದ ಆಕಾರಗಳಿವೆ. ಕತ್ತಿಗೆ ಅಂಟಿಕೊಂಡಿರುವುದು ಹಿಟ್‌ಬಾಕ್ಸ್. ನಿಮ್ಮ ಮೈಗೆ ಅಂಟಿಕೊಂಡಿರುವುದು ಹರ್ಟ್‌ಬಾಕ್ಸ್. ಎರಡೂ ಒಂದನ್ನೊಂದು ಮುಟ್ಟಿದರೆ ಪೆಟ್ಟು. ಕತ್ತಿಯ ಹಿಟ್‌ಬಾಕ್ಸ್ ಯಾವಾಗಲೂ ಜೀವಂತವಾಗಿರುವುದಿಲ್ಲ. ಶತ್ರು ಕತ್ತಿ ಎತ್ತಿ ನಿಂತಾಗ ಆ ಕತ್ತಿಗೆ ನೀವು ಹೋಗಿ ತಲೆ ಚಚ್ಚಿಕೊಂಡರೂ ಏನೂ ಆಗದು. ಬೀಸು ನಿಜವಾಗಿ ಇಳಿಯುವ ಕೆಲವೇ ಫ್ರೇಮ್‌ಗಳಲ್ಲಿ ಅದಕ್ಕೆ ಜೀವ ಬರುತ್ತದೆ.

ಐ-ಫ್ರೇಮ್ ಅಂದರೆ ನಿಮ್ಮ ಪಾತ್ರದ ಮೈಯನ್ನು ಆಟ ಲೆಕ್ಕಕ್ಕೇ ತೆಗೆದುಕೊಳ್ಳದ ಫ್ರೇಮ್‌ಗಳು. ಆಗ ಕತ್ತಿ ನಿಮ್ಮ ಹೊಟ್ಟೆಯ ಮೂಲಕ ಹಾದುಹೋದರೂ ಆಟ "ಇಲ್ಲಿ ಯಾರೂ ಇಲ್ಲ" ಅಂದುಕೊಳ್ಳುತ್ತದೆ. ಹಾಗಾಗಿ ರೋಲ್‌ನಲ್ಲಿ ನೀವು ಎಷ್ಟು ದೂರ ಹೋದಿರಿ ಅನ್ನುವುದಕ್ಕಿಂತ, ಕತ್ತಿ ಬಂದ ಹೊತ್ತಿಗೆ ನೀವು ಯಾವ ಫ್ರೇಮ್‌ನಲ್ಲಿದ್ದಿರಿ ಅನ್ನುವುದೇ ಮುಖ್ಯ.

## ಹಂತ 2: ರೋಲ್‌ಗೆ ತಲೆ ಇದೆ, ಬಾಲ ಇದೆ

ರೋಲ್‌ನಲ್ಲಿ ಎರಡು ಭಾಗ. ಮುಂದಿನ ಭಾಗದಲ್ಲಿ ರಕ್ಷಣೆ ಇರುತ್ತದೆ. ಅದು ಉರುಳಲು ಶುರು ಮಾಡಿದ ಬಹುತೇಕ ಮೊದಲ ಫ್ರೇಮ್‌ನಿಂದಲೇ ಶುರುವಾಗುತ್ತದೆ. ಹಿಂದಿನ ಭಾಗ ಪಾತ್ರ ನೆಲದಿಂದ ಏಳುವ ಹೊತ್ತು. ಅಲ್ಲಿ ರಕ್ಷಣೆ ಇಲ್ಲ. ಇನ್ನೊಂದು ರೋಲ್ ಮಾಡುವ ಹಾಗೂ ಇಲ್ಲ, ಹೊಡೆಯುವ ಹಾಗೂ ಇಲ್ಲ. ಇದನ್ನು ರಿಕವರಿ ಅನ್ನುತ್ತಾರೆ.

ಕಣ್ಣಿಗೆ ಮಾತ್ರ ಎರಡೂ ಸೇರಿ ಒಂದೇ ಚಲನೆಯಾಗಿ ಕಾಣುತ್ತದೆ. ಮೋಸ ಇರುವುದು ಇಲ್ಲೇ. "ನಾನು ಇನ್ನೂ ಉರುಳ್ತಾ ಇದ್ದೆ, ಆದರೂ ಹೊಡೆದ" ಅನ್ನುವ ದೂರು ಬರುವುದು ಈ ಬಾಲದಲ್ಲಿ ಪೆಟ್ಟು ತಿಂದಾಗ.

ತೂಕದ ವಿಷಯ ಇಲ್ಲೇ ಮುಗಿಸಿಬಿಡುತ್ತೇನೆ. ಎಲ್ಡನ್ ರಿಂಗ್‌ನಲ್ಲಿ ನೀವು ಹೊತ್ತ ಆಯುಧ ಮತ್ತು ಕವಚದ ತೂಕ ನಿಮ್ಮ ಮಿತಿಯ 30%ಗಿಂತ ಕಡಿಮೆ ಇದ್ದರೆ ಹಗುರ ರೋಲ್, 70%ಗಿಂತ ಕಡಿಮೆ ಇದ್ದರೆ ಮಧ್ಯಮ, ಅದಕ್ಕಿಂತ ಮೇಲೆ ಭಾರ. ನೂರು ದಾಟಿದರೆ ರೋಲ್ ಇಲ್ಲವೇ ಇಲ್ಲ. ಹಗುರಕ್ಕೂ ಮಧ್ಯಮಕ್ಕೂ ರಕ್ಷಣೆಯ ಹೊತ್ತಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಬದಲಾಗುವುದು ದೂರ ಮತ್ತು ಬಾಲದ ಉದ್ದ. ಭಾರದ ರೋಲ್‌ನಲ್ಲಿ ಬಾಲ ಎಷ್ಟು ಉದ್ದ ಅಂದರೆ ಎರಡನೇ ಪೆಟ್ಟಿಗೆ ಏಳುವಷ್ಟರಲ್ಲಿ ಅದು ಬಂದೇಬಿಟ್ಟಿರುತ್ತದೆ. ಆದ್ದರಿಂದ 70%ಗಿಂತ ಕೆಳಗೆ ಇರಿ. ಹಗುರ ರೋಲ್‌ಗಾಗಿ ಕವಚ ಬಿಚ್ಚಿ ಓಡಾಡುವ ಅಗತ್ಯ ನನಗಂತೂ ಕಂಡಿಲ್ಲ. 2014ರ ಡಾರ್ಕ್ ಸೋಲ್ಸ್ 2 ಮಾತ್ರ ಬೇರೆ ದಾರಿ ಹಿಡಿದಿತ್ತು. ಅಲ್ಲಿ ಪಾತ್ರದ ಅಡಾಪ್ಟಬಿಲಿಟಿ ಅನ್ನುವ ಅಂಕಿ ಏರಿಸಿದರೆ ಅಜಿಲಿಟಿ ಅನ್ನುವ ಇನ್ನೊಂದು ಅಂಕಿ ಏರುತ್ತದೆ, ಅದರ ಮೇಲೆ ಐ-ಫ್ರೇಮ್ ಹೆಚ್ಚುತ್ತದೆ. ಆ ಆಟವನ್ನು ಹೊಸದಾಗಿ ಶುರು ಮಾಡಿದವರು ಅದನ್ನು ಏರಿಸದೆ ತಮ್ಮ ಕೈಯನ್ನೇ ಬೈದುಕೊಳ್ಳುತ್ತಾರೆ.

## ಹಂತ 3: ಒಂದು ಬೀಸಿನ ಲೆಕ್ಕ

ಈಗ ಒಬ್ಬ ಶತ್ರು ಒಂದು ಅಡ್ಡ ಬೀಸು ಬೀಸುತ್ತಾನೆ ಅಂದುಕೊಳ್ಳಿ. ಈ ಶತ್ರುವಿನ ಅಂಕಿಗಳು ಲೆಕ್ಕಕ್ಕಾಗಿ ನಾನೇ ಇಟ್ಟುಕೊಂಡವು. ಅವನು ಕೈ ಎತ್ತಲು ಶುರು ಮಾಡಿದ ಫ್ರೇಮ್ 0. ಕತ್ತಿ ಕೆಳಗೆ ಹೊರಡುವುದು 22ನೇ ಫ್ರೇಮ್‌ನಲ್ಲಿ. ನೀವು ನಿಂತ ಜಾಗವನ್ನು ಅದು ಹಾದುಹೋಗುವುದು 40ರಿಂದ 45ರವರೆಗೆ, ಅಂದರೆ ಆರು ಫ್ರೇಮ್.

ನಿಮ್ಮ ರೋಲ್‌ನಲ್ಲಿ 26 ಫ್ರೇಮ್ ರಕ್ಷಣೆ ಇದೆ. ಬದುಕಬೇಕಾದರೆ ಆ ಆರೂ ಫ್ರೇಮ್ ಈ 26ರ ಒಳಗೆ ಬೀಳಬೇಕು. 40ನೇ ಫ್ರೇಮ್‌ನಲ್ಲಿ ರೋಲ್ ಶುರುವಾದರೂ ಸಾಕು, ಅದು ಕೊನೆಯ ಅವಕಾಶ. ಇನ್ನೊಂದು ತುದಿಯಲ್ಲಿ, 20ರಲ್ಲಿ ಶುರುವಾದರೆ ರಕ್ಷಣೆ ಸರಿಯಾಗಿ 45ಕ್ಕೆ ಮುಗಿಯುತ್ತದೆ. ಅಂದರೆ 20ರಿಂದ 40ರ ಒಳಗೆ ಯಾವಾಗ ಉರುಳಿದರೂ ನೀವು ಬಚಾವ್. ಒಟ್ಟು 21 ಫ್ರೇಮ್, 0.35 ಸೆಕೆಂಡ್. ಸೂತ್ರವಾಗಿ ಬರೆದರೆ ಇಷ್ಟೇ:

```
ಒತ್ತುವ ಅವಕಾಶ = ಐ-ಫ್ರೇಮ್ − ಕತ್ತಿ ಮುಟ್ಟುವ ಫ್ರೇಮ್ + 1
             = 26 − 6 + 1 = 21
```

0.35 ಸೆಕೆಂಡ್ ಸಾಕಷ್ಟು ಉದಾರವಾದ ಹೊತ್ತು. ಕಂಡದ್ದಕ್ಕೆ ಬೆರಳು ಒತ್ತಲು ಸಾಮಾನ್ಯವಾಗಿ 0.2ರಿಂದ 0.25 ಸೆಕೆಂಡ್ ಬೇಕು, ಅಂದರೆ 12ರಿಂದ 15 ಫ್ರೇಮ್. ಕತ್ತಿ 22ರಲ್ಲಿ ಕೆಳಗೆ ಹೊರಟಿದ್ದನ್ನು ನೋಡಿ ಒತ್ತಿದರೆ 34ರಿಂದ 37ರ ನಡುವೆ ಒತ್ತಿರುತ್ತೀರಿ. ಅವಕಾಶದ ಒಳಗೇ ಇದ್ದೀರಿ. ರೋಲ್‌ಗೆ ಕತ್ತಿ ಇಳಿಯುವುದನ್ನು ನೋಡಿ ಒತ್ತುವಷ್ಟು ಸಮಯ ಇದೆ.

ಹಾಗಾದರೆ ಸಾಯುವುದು ಹೇಗೆ? ಅವನು ಕೈ ಎತ್ತಿದ್ದು ಕಂಡ ತಕ್ಷಣ, ಫ್ರೇಮ್ 12ರಲ್ಲೇ, ಗಾಬರಿಯಿಂದ ಒತ್ತಿಬಿಡುತ್ತೇವೆ. ರಕ್ಷಣೆ 37ಕ್ಕೆ ಮುಗಿಯಿತು. ಕತ್ತಿ ಬಂದದ್ದು 40ಕ್ಕೆ. ಆಗ ನಾವು ನೆಲದಿಂದ ಏಳುತ್ತಿದ್ದೇವೆ. ಬರೀ ಮೂರು ಫ್ರೇಮ್ ವ್ಯತ್ಯಾಸ. ನೋಡುವವರಿಗೆ ಕತ್ತಿ ರೋಲ್‌ನ ಮಧ್ಯೆ ಬಿದ್ದ ಹಾಗೇ ಕಾಣುತ್ತದೆ.

## ಹಂತ 4: ಬಟನ್ ಬಿಟ್ಟಾಗ ಉರುಳುತ್ತದೆ

ಇದು ಗೊತ್ತಿಲ್ಲದೆ ನೂರಾರು ಗಂಟೆ ಆಡಿದವರನ್ನು ನೋಡಿದ್ದೇನೆ. ಎಲ್ಡನ್ ರಿಂಗ್‌ನಲ್ಲಿ ರೋಲ್‌ಗೂ ಓಟಕ್ಕೂ ಒಂದೇ ಬಟನ್. ಒತ್ತಿ ಹಿಡಿದರೆ ಓಟ, ತಟ್ಟಿ ಬಿಟ್ಟರೆ ರೋಲ್. ನೀವು ಒತ್ತಿದ ಕ್ಷಣದಲ್ಲಿ ಇದು ಯಾವುದು ಅಂತ ಆಟಕ್ಕೆ ಗೊತ್ತಾಗುವ ದಾರಿ ಇಲ್ಲ. ಹಾಗಾಗಿ ಅದು ಬೆರಳು ಮೇಲೆ ಏಳುವವರೆಗೆ ಕಾಯುತ್ತದೆ. ರೋಲ್ ಶುರುವಾಗುವುದು ಬಿಟ್ಟಾಗ.

ಗಾಬರಿಯಾದಾಗ ಬೆರಳು ಬಟನ್ ಮೇಲೆ ಗಟ್ಟಿಯಾಗಿ ಕೂರುತ್ತದೆ. ಆರೇಳು ಫ್ರೇಮ್ ಹೆಚ್ಚಾಗಿ ಒತ್ತಿ ಹಿಡಿಯುತ್ತೇವೆ. 37ರಲ್ಲಿ ಒತ್ತಿ 43ರಲ್ಲಿ ಬಿಟ್ಟರೆ ಪೆಟ್ಟು ಖಂಡಿತ. ಇದನ್ನು ತಿದ್ದಲು ಯಾವ ಶತ್ರುವೂ ಬೇಡ. ಖಾಲಿ ಮೈದಾನದಲ್ಲಿ ನಿಂತು, ಬಿಸಿ ಪಾತ್ರೆ ಮುಟ್ಟಿದ ಹಾಗೆ ಬಟನ್ ತಟ್ಟಿ ಕೈ ಎತ್ತಿ. ಒಂದು ಹತ್ತು ನಿಮಿಷ ಮಾಡಿದರೆ ನಿಮ್ಮ ರೋಲ್ ಬೇಗ ಹೊರಡುವುದು ನಿಮಗೇ ಗೊತ್ತಾಗುತ್ತದೆ.

ಜೊತೆಗೆ ಇನ್ನೊಂದು. ಬಟನ್ ತಟ್ಟುವಾಗ ಸ್ಟಿಕ್ ಯಾವುದಾದರೂ ದಿಕ್ಕಿಗೆ ಬಾಗಿರಬೇಕು. ಸ್ಟಿಕ್ ನಡುವಿನಲ್ಲಿದ್ದರೆ ಪಾತ್ರ ಉರುಳುವುದಿಲ್ಲ, ಹಿಂದಕ್ಕೆ ಒಂದು ಪುಟ್ಟ ಜಿಗಿತ ಹಾಕುತ್ತದೆ. ಆ ಜಿಗಿತದಲ್ಲಿ ರೋಲ್‌ನಷ್ಟು ರಕ್ಷಣೆ ಇಲ್ಲ.

## ಹಂತ 5: ಕತ್ತಿಗೆ ಎದುರಾಗಿ ಉರುಳಿ

ಮನಸ್ಸು ಹಿಂದಕ್ಕೆ ಓಡು ಅನ್ನುತ್ತದೆ. ಲೆಕ್ಕ ಮುಂದಕ್ಕೆ ಹೋಗು ಅನ್ನುತ್ತದೆ. ಕತ್ತಿ ನಿಮ್ಮ ಎಡದಿಂದ ಬಲಕ್ಕೆ ಬೀಸಿ ಬರುತ್ತಿದೆ ಅಂದುಕೊಳ್ಳಿ. ನೀವು ಬಲಕ್ಕೆ ಉರುಳಿದರೆ ಕತ್ತಿಯ ಜೊತೆಯಲ್ಲೇ ಹೋಗುತ್ತಿದ್ದೀರಿ. ಅದು ನಿಮ್ಮನ್ನು ದಾಟಿಹೋಗಲು ಹೆಚ್ಚು ಹೊತ್ತು ಹಿಡಿಯುತ್ತದೆ. ಆರು ಫ್ರೇಮ್ ಇದ್ದದ್ದು 14 ಆಯಿತು ಅನ್ನೋಣ. ಸೂತ್ರಕ್ಕೆ ಹಾಕಿದರೆ ಅವಕಾಶ 21ರಿಂದ 13ಕ್ಕೆ ಇಳಿಯಿತು. 0.22 ಸೆಕೆಂಡ್ ಅಷ್ಟೇ. ಎಡಕ್ಕೆ ಉರುಳಿದರೆ ನೀವೂ ಕತ್ತಿಯೂ ಎದುರುಬದುರು ಹೋಗಿ ಬೇಗ ದಾಟಿಬಿಡುತ್ತೀರಿ.

ಅದಕ್ಕೇ ಅನುಭವಿಗಳು ಶತ್ರುವಿನ ಕಡೆಗೆ, ಕತ್ತಿ ಬರುವ ಬದಿಗೆ ಉರುಳುತ್ತಾರೆ. ಅದರಲ್ಲಿ ಧೈರ್ಯ ಏನೂ ಇಲ್ಲ, ಬರೀ ಲೆಕ್ಕ. ಎದ್ದ ಮೇಲೆ ಅವನ ಬೆನ್ನ ಹತ್ತಿರ ಇರುತ್ತೀರಿ ಅನ್ನುವುದು ಮೇಲಿನ ಲಾಭ.

ಹಿಟ್‌ಬಾಕ್ಸ್ ಬದುಕಿರುವ ಹೊತ್ತು ಎಷ್ಟು ಮುಖ್ಯ ಅನ್ನುವುದನ್ನು ಮಾನ್‌ಸ್ಟರ್ ಹಂಟರ್ ಆಡಿದವರು ಬೇಗ ಒಪ್ಪುತ್ತಾರೆ. ಅಲ್ಲಿ ಪ್ರಾಣಿಯ ಗರ್ಜನೆಯನ್ನೂ ರೋಲ್ ಮಾಡಿ ತಪ್ಪಿಸಬಹುದು. ಗರ್ಜನೆ ಕಿವಿಗೆ ಎಷ್ಟೋ ಹೊತ್ತು ಕೇಳುತ್ತಿರುತ್ತದೆ, ಆದರೆ ಅದರ ಹಿಟ್‌ಬಾಕ್ಸ್ ಇರುವುದು ಚೂರೇ ಚೂರು ಹೊತ್ತು. ಇದಕ್ಕೆ ತದ್ವಿರುದ್ಧ ಬೆಂಕಿಯ ಉಸಿರು, ವಿಷದ ಮೋಡ ಇಂಥವು. ಅವು 60-80 ಫ್ರೇಮ್ ಅಲ್ಲೇ ಉರಿಯುತ್ತಿದ್ದರೆ ನಿಮ್ಮ 26 ಯಾವ ಮೂಲೆಗೂ ಸಾಲದು. ಅಂಥವಕ್ಕೆ ರೋಲ್ ಬೇಡ, ಓಡಿ ಆಚೆ ಹೋಗಿ.

## ಹಂತ 6: ಕಾಯಿಸುವ ಶತ್ರು

ಎಲ್ಡನ್ ರಿಂಗ್‌ನಲ್ಲಿ ಸ್ಟಾರ್ಮ್‌ವೇಲ್ ಕೋಟೆಯ ದಾರಿಯಲ್ಲಿ ಮಾರ್ಗಿಟ್ ಸಿಗುತ್ತಾನೆ. ಬಹಳ ಜನ ಮೊದಲು ಮುಗ್ಗರಿಸುವುದು ಅವನ ಹತ್ತಿರ. ಕೋಲು ಎತ್ತಿ ಹಿಡಿದು ನಿಂತುಬಿಡುತ್ತಾನೆ. ಈಗ ಬರುತ್ತೆ, ಈಗ ಬರುತ್ತೆ ಅಂತ ನೀವು ಉರುಳಿದ ಮೇಲೆ, ಎದ್ದೇಳುವ ಹೊತ್ತಿಗೆ ಸರಿಯಾಗಿ ಬಿಡುತ್ತಾನೆ. ಆ ಚಲನೆಯನ್ನು ಮಾಡಿರುವುದೇ ಆತುರದವರ ಬಾಲಕ್ಕೆ ಹೊಡೆಯಲು.

ಇಲ್ಲಿ ಆಗುವ ಇನ್ನೊಂದು ತಪ್ಪು ಬಟನ್ ಪದೇ ಪದೇ ಒತ್ತುವುದು. ಒಂದು ರೋಲ್ ನಡೆಯುವಾಗಲೇ ಇನ್ನೊಮ್ಮೆ ಒತ್ತಿದರೆ ಆಟ ಅದನ್ನು ನೆನಪಿಟ್ಟುಕೊಂಡು, ಮೊದಲನೆಯದು ಮುಗಿದ ಕೂಡಲೇ ಎರಡನೆಯದನ್ನು ಮಾಡುತ್ತದೆ. ಈ ಎರಡನೆಯದು ಯಾವಾಗ ಹೊರಡಬೇಕು ಅನ್ನುವುದು ಇನ್ನು ನಿಮ್ಮ ಕೈಯಲ್ಲಿಲ್ಲ. ಸ್ಟಾಮಿನಾ ಕೂಡ ಖಾಲಿಯಾಗುತ್ತಾ ಹೋಗುತ್ತದೆ. ಮೂರು ರೋಲ್ ಆದ ಮೇಲೆ ಪೆಟ್ಟು ಬಿದ್ದರೆ ತಪ್ಪು ಮೂರನೆಯದರಲ್ಲಿಲ್ಲ, ಮೊದಲನೆಯದರಲ್ಲಿದೆ.

ಏನು ಮಾಡಬೇಕು? ಕೈ ಎತ್ತುವುದನ್ನು ಕಣ್ಣಿನಿಂದ ತೆಗೆದುಹಾಕಿ. ಕೋಲಿನ ತುದಿಯನ್ನು ಮಾತ್ರ ನೋಡಿ. ಅದು ನಿಂತಿದ್ದರೆ ನೀವೂ ನಿಲ್ಲಿ. ಅದು ಕೆಳಗೆ ಹೊರಟ ಕ್ಷಣ ತಟ್ಟಿ. ಅವನು ಮೇಲೆ ಎಷ್ಟೇ ಹೊತ್ತು ಹಿಡಿದಿರಲಿ, ಇಳಿಯಲು ಹೊರಟ ಮೇಲೆ ಮುಟ್ಟುವವರೆಗಿನ ಹೊತ್ತು ಅದೇ. ನಮ್ಮ ಲೆಕ್ಕದಲ್ಲಿ 22ರಿಂದ 40. ಮೊದಲ ಐದು ನಿಮಿಷ ಅವನಿಗೆ ಹೊಡೆಯಲೇಬೇಡಿ. ಸುಮ್ನೆ ಉರುಳಿ. ಹೊಡೆಯುವ ಆಸೆ ಇದ್ದಾಗ ಕಣ್ಣು ಅವನ ಹೆಲ್ತ್ ಬಾರ್ ಮೇಲಿರುತ್ತದೆ, ಕೋಲಿನ ಮೇಲಲ್ಲ.

## ಹಂತ 7: ಪ್ಯಾರಿಯ ಲೆಕ್ಕವೇ ಬೇರೆ

ಪ್ಯಾರಿ ಅಂದರೆ ಗುರಾಣಿಯಿಂದ ಕತ್ತಿಯನ್ನು ತಟ್ಟಿ ಆಚೆ ತಳ್ಳುವುದು. ಹೊಸಬರು ಇದನ್ನೂ ರೋಲ್‌ನಂತೆ ಒಂದು ರಕ್ಷಣೆ ಅಂದುಕೊಳ್ಳುತ್ತಾರೆ. ಆಟದ ಒಳಗೆ ಇದು ಬಹುಪಾಲು ಒಂದು ಹೊಡೆತದ ಹಾಗೇ ಇದೆ. ಹೊಡೆತಕ್ಕೆ ಇರುವ ಮೂರು ಭಾಗ ಇದಕ್ಕೂ ಇದೆ. ಮೊದಲು ಕೈ ಹೊರಡುವ ತಯಾರಿಯ ಫ್ರೇಮ್‌ಗಳು. ನಡುವೆ ಪ್ಯಾರಿ ನಿಜವಾಗಿ ಕೆಲಸ ಮಾಡುವ ಕೆಲವು ಫ್ರೇಮ್‌ಗಳು. ಕೊನೆಗೆ ಕೈ ವಾಪಸ್ ಬರುವ ಉದ್ದನೆಯ ಬಾಲ. ತಯಾರಿಯಲ್ಲೂ ಬಾಲದಲ್ಲೂ ನಿಮ್ಮ ಮೈಗೆ ಐ-ಫ್ರೇಮ್ ಇಲ್ಲ.

ಅದೇ ಶತ್ರು, ಅದೇ ಬೀಸು ತೆಗೆದುಕೊಳ್ಳೋಣ. ನಿಮ್ಮ ಪ್ಯಾರಿಗೆ ತಯಾರಿ 8 ಫ್ರೇಮ್, ಕೆಲಸದ ಹೊತ್ತು 6 ಫ್ರೇಮ್ ಅಂತ ಇಡಿ. ಕತ್ತಿ ಮೊದಲು ಮುಟ್ಟುವ 40ನೇ ಫ್ರೇಮ್ ಆ ಆರರ ಒಳಗೆ ಬೀಳಬೇಕು. 27ರಲ್ಲಿ ಒತ್ತಿದರೆ ಕೆಲಸದ ಹೊತ್ತು 35ರಿಂದ 40. ಕೂದಲೆಳೆಯಲ್ಲಿ ಆಯಿತು. 32ರಲ್ಲಿ ಒತ್ತಿದರೆ 40ರಿಂದ 45. ಆಗಲೂ ಆಯಿತು. 33ರಲ್ಲಿ ಒತ್ತಿದರೆ ಕತ್ತಿ ಬರುವಾಗ ಕೈ ಇನ್ನೂ ಹೊರಡುತ್ತಿರುತ್ತದೆ.

ಅಂದರೆ ಅವಕಾಶ 27ರಿಂದ 32. ಆರೇ ಫ್ರೇಮ್, 0.1 ಸೆಕೆಂಡ್. ಆದರೆ ಕಿರಿದಾಗಿರುವುದು ಇಲ್ಲಿ ದೊಡ್ಡ ತೊಂದರೆ ಅಲ್ಲ. ಆ ಅವಕಾಶ ಎಲ್ಲಿ ಮುಗಿಯುತ್ತದೆ ನೋಡಿ. ರೋಲ್‌ಗೆ ಕೊನೆಯ ಫ್ರೇಮ್ 40. ಪ್ಯಾರಿಗೆ 32. ಕತ್ತಿ 22ರಲ್ಲಿ ಇಳಿಯುವುದನ್ನು ಕಂಡು ಒತ್ತಿದರೆ ನಿಮ್ಮ ಬೆರಳು ತಲುಪುವುದು 34ರಿಂದ 37. ರೋಲ್ ಆಗಿದ್ದರೆ ಬಚಾವ್. ಪ್ಯಾರಿಯಲ್ಲಿ ಪ್ರತಿ ಸಲವೂ ತಡ. ರೋಲ್‌ನಲ್ಲಿ ಆತುರ, ಪ್ಯಾರಿಯಲ್ಲಿ ತಡ ಅಂತ ನಾನು ಮೊದಲು ಹೇಳಿದ ಕಥೆ ಇದೇ. ರೋಲ್‌ಗೆ ಪಳಗಿದ ಕೈಯನ್ನೇ ಪ್ಯಾರಿಗೆ ತಂದರೆ ಅದು ತಪ್ಪಲೇಬೇಕು.

ಆದ್ದರಿಂದ ಪ್ಯಾರಿಗೆ ಇನ್ನೂ ಮುಂಚಿನ ಸುಳಿವು ಬೇಕು. ಕತ್ತಿ ಇಳಿಯುವುದಕ್ಕೆ ಮೊದಲು ಶತ್ರುವಿನ ಮೈಯಲ್ಲಿ ಏನೋ ಒಂದು ಬದಲಾಗುತ್ತದೆ. ಮುಂದಿನ ಕಾಲು ನೆಲಕ್ಕೆ ಊರುತ್ತದೆ, ಭುಜ ತಿರುಗುತ್ತದೆ, ಇಲ್ಲವೇ ಒಂದು ಹೂಂಕಾರ ಕೇಳುತ್ತದೆ. ಕಾಲು ಊರುವುದು 15-16ರಲ್ಲಿ ಆದರೆ, ಅದನ್ನು ಕಂಡು ಒತ್ತಿದ ಬೆರಳು 27-31ರ ಆಸುಪಾಸಿಗೆ ಬರುತ್ತದೆ. ಸರಿಯಾಗಿ ಅವಕಾಶದ ಒಳಗೆ. ಪ್ಯಾರಿ ಕಲಿಯುವುದೆಂದರೆ ಒಬ್ಬೊಬ್ಬ ಶತ್ರುವಿನ ಒಂದೊಂದು ಬೀಸಿಗೂ ಇಂಥ ಒಂದು ಸುಳಿವು ಹುಡುಕಿಟ್ಟುಕೊಳ್ಳುವುದು. ಹಾಗಾಗಿ ಒಬ್ಬ ಶತ್ರುವಿನ ಮೇಲೆ ಚೆನ್ನಾಗಿ ಬಂದ ಪ್ಯಾರಿ ಇನ್ನೊಬ್ಬನ ಮೇಲೆ ಬರುವುದಿಲ್ಲ. ರೋಲ್ ಹಾಗಲ್ಲ, ಒಮ್ಮೆ ಬಂದರೆ ಬಹುತೇಕ ಎಲ್ಲರ ಮೇಲೂ ನಡೆಯುತ್ತದೆ.

ಗುರಾಣಿಯ ಆಯ್ಕೆಯೂ ಲೆಕ್ಕ ಬದಲಿಸುತ್ತದೆ. ಎಲ್ಡನ್ ರಿಂಗ್‌ನಲ್ಲಿ ಬಕ್ಲರ್ ಅನ್ನುವ ಪುಟ್ಟ ಗುರಾಣಿಗೆ ತನ್ನದೇ ಪ್ಯಾರಿ ಇದೆ, ಅದು ಸಾಮಾನ್ಯ ಪ್ಯಾರಿಗಿಂತ ಉದಾರ. ಪೆಟ್ಟು ತಡೆಯಲು ಅದು ಪ್ರಯೋಜನಕ್ಕಿಲ್ಲ, ಪ್ಯಾರಿ ಕಲಿಯಲು ಅದಕ್ಕಿಂತ ಒಳ್ಳೆಯದಿಲ್ಲ. ಮಧ್ಯಮ ಗಾತ್ರದ ಗುರಾಣಿಯಲ್ಲಿ ಪ್ಯಾರಿ ತಪ್ಪಿದರೂ ಗುರಾಣಿ ಅಡ್ಡ ಇದ್ದರೆ ಒಮ್ಮೊಮ್ಮೆ ಅರ್ಧ ಪೆಟ್ಟು ತಡೆಯುತ್ತದೆ, ಸ್ಟಾಮಿನಾ ಹೋಗುತ್ತದೆ. ಹೀಗೆ ಅರ್ಧ ಪೆಟ್ಟು ಬಿದ್ದರೆ ನೀವು ಹತ್ತಿರ ಇದ್ದೀರಿ ಅಂತ ತಿಳಿಯಿರಿ.

2019ರ ಸೆಕಿರೋ ಆಡಿ ಬಂದವರಿಗೆ ಒಂದು ಎಚ್ಚರಿಕೆ. ಅಲ್ಲಿ ಬಟನ್ ಒತ್ತಿದ ಕೂಡಲೇ ಕತ್ತಿಯಿಂದಲೇ ಪೆಟ್ಟನ್ನು ಆಚೆ ತಳ್ಳುವ ಡಿಫ್ಲೆಕ್ಟ್ ಶುರುವಾಗುತ್ತದೆ, ಅವಕಾಶ ಸುಮಾರು 0.2 ಸೆಕೆಂಡ್. ಬೇಗ ಒತ್ತಿ ಹಿಡಿದರೂ ಬರೀ ತಡೆ ಆಗುತ್ತದೆ, ಸಾಯುವುದಿಲ್ಲ. ಪದೇ ಪದೇ ಒತ್ತಿದರೆ ಮಾತ್ರ ಆ ಅವಕಾಶ ಕಿರಿದಾಗುತ್ತಾ ಹೋಗುತ್ತದೆ. ತಯಾರಿಯ ಫ್ರೇಮ್ ಇಲ್ಲದ ಆ ಅಭ್ಯಾಸವನ್ನು ಹಾಗೇ ಎಲ್ಡನ್ ರಿಂಗ್‌ಗೆ ತಂದರೆ ಒಂದು ವಾರ ಒದೆ ತಿನ್ನಬೇಕಾಗುತ್ತದೆ.

## ಹಂತ 8: ಪ್ಯಾರಿ ಸಿಕ್ಕಿತು, ಈಗೇನು

ಪ್ಯಾರಿ ಸಿಕ್ಕರೆ ಆ ಒಂದು ಬೀಸು ರದ್ದಾಗುತ್ತದೆ. ಪಕ್ಕದಲ್ಲಿ ಇನ್ನೊಬ್ಬ ನಿಂತಿದ್ದರೆ ಅವನ ಕತ್ತಿಗೆ ಇದು ಸಂಬಂಧವೇ ಇಲ್ಲ. ನಿಜವಾದ ಐ-ಫ್ರೇಮ್ ಬರುವುದು ಆಮೇಲೆ. ತತ್ತರಿಸಿದ ಶತ್ರುವಿನ ಮುಂದೆ ನಿಂತು ಹೊಡೆದಾಗ ಒಂದು ಉದ್ದನೆಯ ತಿವಿತ ಶುರುವಾಗುತ್ತದೆ ಅಲ್ವಾ, ಅದನ್ನು ರಿಪೋಸ್ಟ್ ಅನ್ನುತ್ತಾರೆ. ಆ ತಿವಿತ ನಡೆಯುವಾಗ ನಿಮಗೆ ಪೆಟ್ಟು ತಾಗುವುದಿಲ್ಲ. ಅದು ಮುಗಿದ ಕ್ಷಣ ರಕ್ಷಣೆಯೂ ಮುಗಿಯಿತು. ಆದ್ದರಿಂದ ಇಬ್ಬರು ಎದುರಿಗಿದ್ದಾಗ ಪ್ಯಾರಿ ಸಿಕ್ಕರೆ ತಡ ಮಾಡದೆ ರಿಪೋಸ್ಟ್‌ಗೆ ಹೋಗಿ, ಮುಗಿಯುತ್ತಿದ್ದ ಹಾಗೆ ರೋಲ್ ಮಾಡಿ.

ದೊಡ್ಡ ಬಾಸ್‌ಗಳು ಒಂದೇ ಪ್ಯಾರಿಗೆ ಬೀಳಬೇಕೆಂದಿಲ್ಲ. ಮಲೇನಿಯಾಳನ್ನು ರಿಪೋಸ್ಟ್ ಮಾಡಲು ಮೂರು ಪ್ಯಾರಿ ಬೇಕು. ಕೆಲವು ಏಟುಗಳಿಗಂತೂ ಪ್ಯಾರಿ ನಡೆಯುವುದೇ ಇಲ್ಲ. ಹಿಡಿದು ಎತ್ತುವ ಪಟ್ಟುಗಳು, ನೆಲಕ್ಕೆ ಅಪ್ಪಳಿಸಿದಾಗ ಬರುವ ಅಲೆಗಳು ಅಂಥವು. ಅಲ್ಲಿ ಟೈಮಿಂಗ್ ಹುಡುಕುತ್ತಾ ಕೂರಬೇಡಿ. ಸರಿಯಾದ ಹೊತ್ತು ಅಲ್ಲಿ ಇಲ್ಲವೇ ಇಲ್ಲ.

## ಹಂತ 9: ರೆಕಾರ್ಡ್ ಮಾಡಿ, ಎಣಿಸಿ

ಒಂದು ಸಾದಾ ಕತ್ತಿಯ ಸೈನಿಕನನ್ನು ಹುಡುಕಿ. ಎಲ್ಡನ್ ರಿಂಗ್‌ನ ಶುರುವಿನ ಪ್ರದೇಶವಾದ ಲಿಮ್‌ಗ್ರೇವ್‌ನಲ್ಲಿ ಒಬ್ಬನೇ ಅಲೆಯುವವನು ಸಿಕ್ಕರೆ ಚೆನ್ನ. 60 ಫ್ರೇಮ್‌ನಲ್ಲಿ ರೆಕಾರ್ಡ್ ಮಾಡುತ್ತಾ ಅವನ ಒಂದೇ ಬೀಸಿಗೆ ಇಪ್ಪತ್ತು ಸಲ ಉರುಳಿ. ಆಮೇಲೆ ವಿಡಿಯೊವನ್ನು `mpv`ಯಲ್ಲಿ ತೆರೆದು ನಿಲ್ಲಿಸಿ `.` ಒತ್ತಿದರೆ ಒಂದು ಫ್ರೇಮ್ ಮುಂದೆ, `,` ಒತ್ತಿದರೆ ಒಂದು ಫ್ರೇಮ್ ಹಿಂದೆ ಹೋಗುತ್ತದೆ. VLCಯಲ್ಲಿ `e` ಒತ್ತಿದರೆ ಒಂದೊಂದೇ ಫ್ರೇಮ್ ಮುಂದೆ ಹೋಗುತ್ತದೆ.

ಎರಡು ಫ್ರೇಮ್ ಗುರುತು ಹಾಕಿ. ಒಂದು, ನಿಮ್ಮ ಪಾತ್ರ ಮೊದಲು ಬಾಗಿದ್ದು. ಇನ್ನೊಂದು, ರಕ್ತ ಚಿಮ್ಮಿದ್ದು. ರಕ್ತ ಮೊದಲು ಬಂದರೆ ತಡ ಆಯಿತು, ಬೆರಳು ಬಟನ್ ಮೇಲೆ ಹೆಚ್ಚು ಹೊತ್ತು ಕೂತಿತ್ತೇ ನೋಡಿ. ಬಾಗಿದ 26 ಫ್ರೇಮ್ ಆದ ಮೇಲೆ ರಕ್ತ ಬಂದರೆ ಆತುರ. ಬಾಗಿದ ಸ್ವಲ್ಪ ಹೊತ್ತಿಗೇ ಕತ್ತಿ ಮೈಮೇಲೆ ಬಂದು, ದಾಟಿಹೋಗದೆ ಜೊತೆಯಲ್ಲೇ ಸಾಗಿ, 27-28ರಲ್ಲಿ ಪೆಟ್ಟು ಕೊಟ್ಟರೆ ಟೈಮಿಂಗ್ ಸರಿ ಇದೆ, ದಿಕ್ಕು ತಪ್ಪಾಗಿದೆ.

ಪ್ಯಾರಿಗೆ ಹೀಗೇ ಮಾಡಿ, ಆದರೆ ಗುರಾಣಿ ಕೈಯನ್ನು ನೋಡಿ. ಪೆಟ್ಟು ಬಿದ್ದಾಗ ಕೈ ಹೊರಗೆ ಹೋಗುತ್ತಿದ್ದರೆ ತಡ, ವಾಪಸ್ ಬರುತ್ತಿದ್ದರೆ ಆತುರ.

ನನ್ನದೇ ಒಂದು ಪ್ರಸಂಗ ಹೇಳುತ್ತೇನೆ. ರೋಲ್ ಚೆನ್ನಾಗಿ ಬರುತ್ತಿತ್ತು, ಪ್ಯಾರಿ ಮಾತ್ರ ಎರಡು ವಾರವಾದರೂ ಬರಲಿಲ್ಲ. ವಿಡಿಯೊದಲ್ಲಿ ಪ್ರತಿ ಸಲವೂ ಐದಾರು ಫ್ರೇಮ್ ತಡ. ಕಾಲು ಊರುವುದನ್ನು ನೋಡಿಯೇ ಒತ್ತುತ್ತಿದ್ದೆ. ಕೊನೆಗೆ ಗೊತ್ತಾಯಿತು, ನನ್ನ ಟಿವಿಯಲ್ಲಿ ಗೇಮ್ ಮೋಡ್ ಹಾಕಿರಲಿಲ್ಲ. ಚಿತ್ರ ಚೆಂದ ಮಾಡುವ ಭರದಲ್ಲಿ ಟಿವಿ ಪ್ರತಿ ಚಿತ್ರವನ್ನೂ ತಡವಾಗಿ ತೋರಿಸುತ್ತಿತ್ತು. ಆರು ಫ್ರೇಮ್ ತಡ ಅಂದುಕೊಳ್ಳಿ. ರೋಲ್‌ನಲ್ಲಿ 30ಕ್ಕೆ ಗುರಿ ಇಟ್ಟವನು 36ರಲ್ಲಿ ಒತ್ತುತ್ತಾನೆ. 20ರಿಂದ 40ರ ಒಳಗೇ ಇದ್ದಾನೆ, ಏನೂ ಗೊತ್ತಾಗುವುದಿಲ್ಲ. ಪ್ಯಾರಿಯಲ್ಲಿ 30ಕ್ಕೆ ಗುರಿ ಇಟ್ಟವನು 36ರಲ್ಲಿ ಒತ್ತಿದರೆ 32ರ ಗಡಿ ದಾಟಿಹೋಯಿತು. ರೋಲ್‌ನ ಉದಾರತೆ ಟಿವಿಯ ದೋಷವನ್ನು ಮುಚ್ಚಿಟ್ಟಿತ್ತು. ಗೇಮ್ ಮೋಡ್ ಹಾಕಿದ ಸಂಜೆಯೇ ಮೂರು ಪ್ಯಾರಿ ಸಿಕ್ಕವು.

## ಆನ್‌ಲೈನ್‌ನಲ್ಲಿ ಈ ಎಣಿಕೆ ಯಾಕೆ ಕೈಕೊಡುತ್ತದೆ

ಇನ್ನೊಬ್ಬ ಆಟಗಾರನ ಎದುರು ಮೇಲಿನ ಫ್ರೇಮ್ ಲೆಕ್ಕ ಹಾಗೇ ನಡೆಯುವುದಿಲ್ಲ. ಈ ಆಟಗಳಲ್ಲಿ ಪೆಟ್ಟು ತಾಗಿತೋ ಇಲ್ಲವೋ ಅನ್ನುವುದನ್ನು ಸಾಮಾನ್ಯವಾಗಿ ಹೊಡೆದವನ ಯಂತ್ರ ನಿರ್ಧರಿಸುತ್ತದೆ. ಅವನ ಪರದೆಯಲ್ಲಿ ನೀವು ಇರುವುದು ನಿಮ್ಮ ಪರದೆಗಿಂತ ಸ್ವಲ್ಪ ಹಿಂದಿನ ಸ್ಥಿತಿಯಲ್ಲಿ. ಸಂಪರ್ಕ 100 ಮಿಲಿಸೆಕೆಂಡ್ ತಡ ಇದ್ದರೆ ಅದೇ ಆರು ಫ್ರೇಮ್. ನೀವು ಉರುಳಿ ರಕ್ಷಣೆಯ ಒಳಗೆ ಬಂದಿರುತ್ತೀರಿ, ಅವನ ಪರದೆಯಲ್ಲಿ ಇನ್ನೂ ನಿಂತೇ ಇರುತ್ತೀರಿ. ಅಲ್ಲಿ ರೋಲ್ ಅನ್ನು ಆರೇಳು ಫ್ರೇಮ್ ಮುಂಚೆ ಮಾಡಬೇಕು. ಅವಕಾಶ ದೊಡ್ಡದಿರುವುದರಿಂದ ಅದು ಸಾಧ್ಯ. ಪ್ಯಾರಿಯಲ್ಲಿ ಮಾತ್ರ ಸುಳಿವು ನೋಡಿ ಒತ್ತುವಷ್ಟು ಹೊತ್ತೇ ಉಳಿದಿರುವುದಿಲ್ಲ. ಎದುರಿನವನು ರೋಲ್ ಮುಗಿಸಿ ಎದ್ದ ಕೂಡಲೇ ಹೊಡೆಯುವ ಚಾಳಿಯವನೇ, ಓಡಿ ಬಂದು ಹೊಡೆಯುವವನೇ ಅಂತ ಮೊದಲೆರಡು ಸುತ್ತು ನೋಡಿಟ್ಟುಕೊಳ್ಳಿ. ಮೂರನೇ ಸಲ ಅವನ ಕೈ ಏಳುವ ಮೊದಲೇ ಒತ್ತಿ.